69 ಕೆಜಿ ಇದ್ದವ 65ಕ್ಕೆ ಇಳಿಯೋದು ಹೆಂಗ?

"ಅಣ್ಣಾರ, ನಂದು 69 ಕೆಜಿ ಐತಿ. 65ರಾಗ ಆಡಬೇಕು, ಐದು ದಿನ ಉಳದಾವು. ತಾಕತ್ತು ಹೋಗದಂಗ ಹೆಂಗ ಇಳಸೂದು?"

70ರಾಗ ಆಡು, ತಮ್ಮಾ. ಮುಧೋಳದ ಗರಡಿಯಲ್ಲಿ ಬೆಳೆದ ನನ್ನದೂ ಅದೇ 69, ಅದೇ 65 ಆಗಿತ್ತು. ಮೊದಲ ಎರಡು ಕೆಜಿ ಸಲೀಸಾಗಿ ಹೋದವು. ರೊಟ್ಟಿ, ಅನ್ನ, ಉಪ್ಪು ಬಿಟ್ಟರೆ ಯಾರಿಗಾದರೂ ಹೋಗುತ್ತವೆ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುವಾಗ ಅದು ಹಿಡಿದಿಟ್ಟುಕೊಂಡ ನೀರೂ ಹೋಗುತ್ತದೆ. ಅದು ಕೊಬ್ಬಲ್ಲ, ಕುಸ್ತಿಗೆ ಬೇಕಾದ ತಾಕತ್ತೇ.

ಉಳಿದದ್ದನ್ನು ಬೆವರಿನಲ್ಲೇ ತೆಗೆಯಬೇಕು, ಕೆಜಿಗೆ ಒಂದು ಲೀಟರ್. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್, ಅದರ ಮೇಲೆ ರೇನ್‌ಕೋಟ್ ಹಾಕಿ ಓಡಿದೆ. ತೂಕದ ಹಿಂದಿನ ಸಂಜೆ ಮುಕ್ಕಾಲು ಕೆಜಿ ಬಾಕಿ ಇದ್ದಾಗ ಬೆವರು ನಿಂತುಹೋಯಿತು. ಮೈ ಒಣಗಿ ಸುಡುತ್ತಿತ್ತು, ಆದರೂ ನನಗೆ ಚಳಿ. "ಇನ್ನೊಂದು ಸುತ್ತ ಹೊಡಿ, ಬರತೈತಿ" ಅಂದರು ವಸ್ತಾದರು. ನಾನು ಓಡಿದೆ.

ನನ್ನನ್ನು ಕೆಡಿಸಿದ್ದು ಆ ಸುತ್ತು. ನೀರು ಕಡಿಮೆಯಾದಷ್ಟೂ ರಕ್ತ ಕಡಿಮೆಯಾಗುತ್ತದೆ, ಇದ್ದಷ್ಟನ್ನು ಹೃದಯಕ್ಕೆ ಉಳಿಸಲು ದೇಹ ಚರ್ಮಕ್ಕೆ ಹೋಗುವುದನ್ನು ತಡೆಯುತ್ತದೆ. ಆಗ ಬೆವರು ನಿಲ್ಲುತ್ತದೆ, ಕಾವು ಒಳಗೇ ಏರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಬಂದ ಬೆವರೂ ಆರುವುದಿಲ್ಲ, ಮೈ ತಣ್ಣಗಾಗುವ ದಾರಿಯೇ ಇಲ್ಲ. ಬೆವರು ನಿಂತದ್ದು 'ಇನ್ನೂ ಓಡು' ಅನ್ನುವ ಸೂಚನೆಯಲ್ಲ. ಆ ಕ್ಷಣವೇ ಕೋಟು ಕಿತ್ತೊಗೆದು, ಮೈಮೇಲೆ ತಣ್ಣೀರು ಸುರಿದುಕೊಂಡು ದವಾಖಾನೆಗೆ ಹೋಗಬೇಕಿತ್ತು.

ಬೆಳಿಗ್ಗೆ ತೂಕ ಸರಿಬಂತು. ಮೊದಲ ಕುಸ್ತಿಯಲ್ಲೇ ತೊಡೆ ಕಲ್ಲಾಯಿತು, ಸೋತೆ. ಮಧ್ಯಾಹ್ನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂತು. ಸ್ನಾಯು ಒಡೆದು ಅದರ ಮಯೋಗ್ಲೋಬಿನ್ ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರು ಡಾಕ್ಟರ್. ಸಲೈನ್ ಮೇಲೆ ಮಲಗಿ, ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತದ ಕ್ರಿಯಾಟಿನಿನ್ ಇಳಿಯುವುದನ್ನು ಕಾದೆ. ನಾನು ಬದುಕಿದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಪೈಲ್ವಾನರು ಹೀಗೇ ತೂಕ ಇಳಿಸುತ್ತ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟನ್ನೇ ನಿಷೇಧಿಸಿದರು.

"ತೂಕ ಆದಮ್ಯಾಲ ಉಂಡ್ರ ಆತು" ಅನ್ನಬೇಡ. ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ತೂಕ ನೋಡುವುದು ಆಟದ ದಿನದ ಬೆಳಿಗ್ಗೆಯೇ, ಫೈನಲ್‌ಗೆ ಬಂದರೆ ಮರುದಿನ ಮತ್ತೊಮ್ಮೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ದಿನ ಮೂರು ಕುಸ್ತಿ ಗೆದ್ದರು. ಎರಡನೇ ಬೆಳಿಗ್ಗೆ ಕೂದಲು ಕತ್ತರಿಸಿದರೂ 100 ಗ್ರಾಂ ಹೆಚ್ಚಿದ್ದು ಅನರ್ಹರಾದರು. ಡಾಕ್ಟರುಗಳ ತಂಡವೇ ಜೊತೆಗಿದ್ದವರ ಗತಿ ಅದು.

65 ಬೇಕೇ ಬೇಕಾದರೆ ಮುಂದಿನ ಸೀಸನ್‌ಗೆ ಈಗಿನಿಂದ ವಾರಕ್ಕೆ ಅರ್ಧ ಕೆಜಿಯಂತೆ, ನೀರು ಬಿಡದೆ ಇಳಿಸು. ಯಾರಾದರೂ ಮೂತ್ರ ಹೆಚ್ಚಿಸಿ ನೀರು ಇಳಿಸುವ ಲಾಸಿಕ್ಸ್ ಗುಳಿಗೆ ಕೊಟ್ಟರೆ ಮುಟ್ಟಬೇಡ. ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ನಿಷೇಧಿಸಿದ ಔಷಧಿ. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಕಳೆದು ಎದೆಬಡಿತವನ್ನೇ ತಪ್ಪಿಸುತ್ತದೆ.