ಅಂಗಡಿ ಗಾಜು, ಬೋರ್ಡ್ ಒಡೆದರೆ ಕ್ಲೇಮ್

"ದಾವಣಗೆರೆ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ. ಏಣಿ ಬಿದ್ದು ಮುಂದಿನ ಗಾಜು, ಲೈಟ್ ಬೋರ್ಡ್ ಒಡೆದಿವೆ. ಅಂಗಡಿ ಪಾಲಿಸಿ ಇದ್ದರೂ ಕ್ಲೇಮ್ ಬರಲ್ಲ ಅಂತಾರೆ. ಏನು ಮಾಡಲಿ?"

ನೀವು ಬಹುಶಃ ಬೆಂಕಿ, ಕಳ್ಳತನದ ವಿಭಾಗ ಮಾತ್ರ ತಗೊಂಡಿದ್ದೀರಿ. ಅಂಗಡಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಪ್ಲೇಟ್ ಗ್ಲಾಸ್ ಅಂದರೆ ಅಂಗಡಿ ಗಾಜು ಒಂದು ವಿಭಾಗ, ನಿಯಾನ್ ಅಥವಾ ಗ್ಲೋ ಸೈನ್ ಅಂದರೆ ಲೈಟ್ ಬೋರ್ಡ್ ಇನ್ನೊಂದು. ಪಾಲಿಸಿಯ ಷೆಡ್ಯೂಲ್ ಹಾಳೆಯಲ್ಲಿ ಈ ಎರಡರ ಎದುರು ಮೊತ್ತ ಇದೆಯಾ ನೋಡಿ. ಇಲ್ಲದಿದ್ದರೆ ಈ ಸಲ ದುಡ್ಡು ಬರುವುದು ಕಷ್ಟ.

ಮೊತ್ತ ಇದ್ದರೆ ಇವತ್ತೇ ಕಂಪನಿಗೆ ಬರೆದು ತಿಳಿಸಿ. ಚೂರು ಎಸೆಯಬೇಡಿ, ಹೊಸ ಗಾಜು ಕೂರಿಸಬೇಡಿ. ಮೊದಲು ಫೋಟೋ ತೆಗೆಯಿರಿ, ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ನೋಡಲಿ. ಜನರಿಗೆ ಚುಚ್ಚುವಂತಿದ್ದರೆ ಹಲಗೆ ಅಡ್ಡ ಕಟ್ಟಿ. ಗಾಜಿನ ಅಳತೆ, ದಪ್ಪ ಬರೆಸಿ ಕೊಟೇಷನ್ ತನ್ನಿ. ಚೌಕಟ್ಟು, ಗಾಜಿನ ಮೇಲಿನ ಅಕ್ಷರಗಳನ್ನು ಪ್ರತ್ಯೇಕವಾಗಿ ಸೇರಿಸಿರದಿದ್ದರೆ ಅವಕ್ಕೆ ಸಾಮಾನ್ಯವಾಗಿ ಕೊಡಲ್ಲ.

ಏಣಿ ಯಾಕೆ ಬಂತು ಅಂತ ಕೇಳ್ತಾರೆ, ನಿಜ ಹೇಳಿ. ಗಾಜು ಬಿಚ್ಚುವಾಗ, ರಿಪೇರಿ ಮಾಡುವಾಗ ಒಡೆದರೆ ಸಾಮಾನ್ಯವಾಗಿ ಕವರ್ ಇರಲ್ಲ. ಬೋರ್ಡಿನಲ್ಲಿ ಬರೀ ಬಲ್ಬ್ ಸುಟ್ಟರೂ ಅಷ್ಟೇ.

ವಿಮೆ ಮೊತ್ತ ಕಡಿಮೆ ಇದ್ದರೆ ಪರಿಹಾರವೂ ಕಡಿತವಾಗಬಹುದು. ಉದಾಹರಣೆಗೆ ಗಾಜುಗಳ ಬೆಲೆ 80,000 ರೂಪಾಯಿ, ವಿಮೆ 60,000. ಬೆಲೆಯ ಮುಕ್ಕಾಲು ಭಾಗಕ್ಕಷ್ಟೇ ವಿಮೆ ಇರುವುದರಿಂದ, ಆಗ 20,000ದ ನಷ್ಟಕ್ಕೆ 15,000 ಲೆಕ್ಕ. ನೀವೇ ಭರಿಸಬೇಕಾದ ಎಕ್ಸೆಸ್ ಇದ್ದರೆ ಅದನ್ನೂ ಅದರಲ್ಲಿ ಕಳೀತಾರೆ.

ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಬಾಯಿಮಾತಿಗೆ ಒಪ್ಪಬೇಡಿ.