ನಾಲಿಗೆಗೆ ತೊಡಕಾಗದ ಪ್ರಾಸ

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದು ಕಾಫಿ ಪುಡಿ ಅಂಗಡಿ. ‘ಕೊಡಗಿನ ಕಾಡಿನ ಕಂಪಿನ ಕಡುಕಪ್ಪು ಕಾಫಿ’ ಎಂದು ಅಡಿಬರಹ ಮಾಡಿಕೊಂಡಿದ್ದೇವೆ. ಪ್ಯಾಕೆಟ್ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಆಟೋ ಪ್ರಚಾರಕ್ಕೆ ರೆಕಾರ್ಡ್ ಮಾಡುವಾಗ ನಾಲಿಗೆ ತೊಡರುತ್ತದೆ. ಪ್ರಾಸವನ್ನೇ ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಡಿ, ಕಡಿಮೆ ಮಾಡಿ. ಐದೂ ಪದ ‘ಕ’ದಿಂದಲೇ ಶುರುವಾದರೆ ಯಾವುದಕ್ಕೆ ಒತ್ತು ಕೊಡಬೇಕೆಂದು ಬಾಯಿಗೆ ತಿಳಿಯುವುದಿಲ್ಲ. ಇನ್ನೊಂದು ತೊಡಕು ಲಯದ್ದು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಹೀಗೆ ಎಣಿಸಿದರೆ ಮೊದಲ ಮೂರು ಪದಗಳು ನಾಲ್ಕು ನಾಲ್ಕು ಮಾತ್ರೆ, ‘ಕಡುಕಪ್ಪು’ ಮಾತ್ರ ಐದು. ನೀವು ಎಡವುವುದು ಬಹುಶಃ ಅಲ್ಲೇ.

ನಮ್ಮ ಹಳೆಯ ಆದಿಪ್ರಾಸ ಇಲ್ಲಿ ಚೆನ್ನಾಗಿ ಒದಗುತ್ತದೆ. ಅದರಲ್ಲಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಹಿಂದಿನ ಅಕ್ಷರ ಎರಡೂ ಕಡೆ ಹ್ರಸ್ವ, ಇಲ್ಲವೇ ಎರಡೂ ಕಡೆ ದೀರ್ಘ. ‘ಕೊಡಗು’ ಎಂಬುದಕ್ಕೆ ‘ಕುಡಿ’ ಸರಿಯಾದ ಜೊತೆ. ‘ಕಾಡು’ ಆಗದು, ‘ಕಾ’ ದೀರ್ಘ. ಹೀಗೆ ಕಟ್ಟಿ ನೋಡಿ:

ಕೊಡಗಿನ ಕಾಫಿ, ಕುಡಿದರೆ ಗೊತ್ತು!

ನಾಲ್ಕು–ಮೂರು, ನಾಲ್ಕು–ಮೂರು, ಒಂದೇ ಉಸಿರಿಗೆ ಮುಗಿಯುತ್ತದೆ. ಮಾತಿನಲ್ಲಿ ‘ಕುಡಿದ್ರೆ’ ಎಂದರೂ ‘ಡಿ’ ಎರಡು ಮಾತ್ರೆಯಾಗಿ ನಾಲ್ಕೇ ಉಳಿಯುತ್ತದೆ, ಆದ್ದರಿಂದ ಲಯ ಕೆಡದು. ಬರಹದ ಸಾಲು ಮಾತಿನ ರೂಪಕ್ಕೆ ತಿರುಗಿದಾಗಲೂ ನಿಲ್ಲುತ್ತದೆಯೇ ಎಂದು ನೋಡಲೇಬೇಕು, ಜನ ಹೇಳುವುದು ಅದನ್ನೇ. ಒಂದು ಎಚ್ಚರ: ಅರ್ಧಗಳನ್ನು ಅದಲುಬದಲು ಮಾಡಬೇಡಿ. ಮನೆಯಲ್ಲೇ ಮಾಡಿದ ವೈನ್ ಸಾಲುಸಾಲಾಗಿ ಮಾರುವ ಊರಲ್ಲಿ, ‘ಕುಡಿದರೆ’ ಎಂದು ಶುರುವಾದ ಮಾತು ಬೇರೆಯೇ ದಾರಿ ಹಿಡಿಯುತ್ತದೆ.

ಅಂತ್ಯಪ್ರಾಸ ಬೇಕೆನಿಸಿದರೆ ‘ಕಾಫಿ’ಯನ್ನು ಕೊನೆಗೆ ಇಡಬೇಡಿ. ಅದಕ್ಕೆ ಹೊಂದುವ ಪದ ‘ಮಾಫಿ’ ಬಿಟ್ಟರೆ ಹೆಚ್ಚೇನೂ ಸಿಗದು. ಹಟ ಹಿಡಿದರೆ ಪ್ರಾಸಕ್ಕಾಗಿ ಅರ್ಥ ಬಲಿಯಾಗುತ್ತದೆ.

ಪದಚಮತ್ಕಾರಕ್ಕೆ ನಿಮ್ಮ ತೋಟದಲ್ಲೇ ಒಳ್ಳೆಯ ಸಾಮಗ್ರಿಯಿದೆ:

ಹೂಮಳೆ ಕಂಡ ಕೊಡಗಿನ ಕಾಫಿ

ಬೆಳೆಗಾರರಿಗೆ ಹೂಮಳೆ ಎಂದರೆ ಬೇಸಿಗೆಯ ಆರಂಭದಲ್ಲಿ ಬಿದ್ದು ಕಾಫಿ ಗಿಡವನ್ನು ಅರಳಿಸುವ ಮಳೆ. ಹೊರಗಿನವರಿಗೆ ಹೂವೇ ಸುರಿದಂತೆ ಕೇಳುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಸಾಲು ಪೂರ್ತಿ ಅರ್ಥವಾಗುತ್ತದೆ. ಇನ್ನೊಂದು ಅರ್ಥವನ್ನು ವಿವರಿಸಿದರೆ ಮಾತ್ರ ತಿಳಿಯುವ, ಅಥವಾ ಕಾಗುಣಿತ ನೋಡಿದರೆ ಮಾತ್ರ ಹೊಳೆಯುವ ಶ್ಲೇಷೆ ಪ್ಯಾಕೆಟ್‌ಗೆ ಸಲ್ಲಬಹುದು, ಆಟೋ ಪ್ರಚಾರಕ್ಕಲ್ಲ. ಲಯ ಇಲ್ಲೂ ನಾಲ್ಕು–ಮೂರರದ್ದೇ, ಆದರೆ ಆದಿಪ್ರಾಸವಿಲ್ಲ. ಚಮತ್ಕಾರವಿರುವ ಸಾಲಿಗೆ ಅದನ್ನೂ ಹೇರುವುದು ಬೇಡ.

ರೆಕಾರ್ಡ್ ಮಾಡುವ ಮೊದಲು ಸಾಲನ್ನು ಬಿಡುವಿಲ್ಲದೆ ಮೂರು ಸಲ, ಸ್ವಲ್ಪ ವೇಗವಾಗಿ ಹೇಳಿ. ಆಮೇಲೆ ಅದನ್ನು ನೋಡಿರದ ಒಬ್ಬರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ಬರೆದುಕೊಳ್ಳಲು ಕೇಳಿ. ಅವರು ಯಾವ ಪದ ತಪ್ಪು ಬರೆಯುತ್ತಾರೋ ಅದನ್ನು ಬದಲಿಸಿ.