ಒಂದು ವರ್ಗದ ಸಮವಸ್ತ್ರ: ಬಟ್ಟೆ ಎಷ್ಟು, ಬೆಲೆ ಎಷ್ಟು?

ಪ್ರಶ್ನೆ: ನಾನು ಬೆಟಗೇರಿಯ ಒಂದು ಟೇಲರ್ ಅಂಗಡಿಯೊಳಗ ಎರಡು ವರ್ಷದಿಂದ ಕೆಲಸ ಕಲಿಯಾಕತ್ತೀನ್ರಿ. ಐದನೇ ವರ್ಗದ 40 ಮಕ್ಕಳ ಸಮವಸ್ತ್ರದ ಆರ್ಡರ್ ಬಂದೈತಿ. 22 ಹುಡುಗರು, 18 ಹುಡುಗಿಯರು. ಎಲ್ಲಾರಿಗೂ ಅರ್ಧ ತೋಳಿನ ಅಂಗಿ, ಹುಡುಗರಿಗೆ ಚಡ್ಡಿ, ಹುಡುಗಿಯರಿಗೆ ನೆರಿಗೆ ಲಂಗ. ಶಾಲಿಯವರ ಜೋಡಿ ಬಂದಿದ್ದ ಹುಡುಗನ ಅಳತಿ ತಗೊಂಡೆ, ಅವನ ಅಂಗಿಗೆ 70 ಸೆಂ.ಮೀ. ಬೇಕಾತು. 40ರಿಂದ ಗುಣಿಸಿ 28 ಮೀಟರ್ ಅಂತ ಬರೆದೆ. ಮೀಟರಿಗೆ 120 ರೂಪಾಯಿ, ಹೊಲಿಗಿ ಕೂಲಿ 100, ಲಾಭ 30, ಹಿಂಗ ಅಂಗಿಗೆ 215 ಅಂತ ಹಾಕಿದೆ. ಮಾಸ್ತರು ಚೀಟಿ ನೋಡಿ ನಕ್ಕು, ಮತ್ತೊಮ್ಮೆ ಹಾಕು ಅಂದ್ರು. ಎಲ್ಲಿ ತಪ್ಪೇನ್ರಿ?

ಉತ್ತರ: ತಮ್ಮಾ, ನಿನ್ನ ಗುಣಾಕಾರ ಸರಿಯಿದೆ. ತಪ್ಪಿದ್ದು ಆ ಒಬ್ಬ ಹುಡುಗನನ್ನು ನಂಬಿದ್ದರಲ್ಲಿ. 58 ಇಂಚು ಪನ್ನದ ಬಟ್ಟೆಯಲ್ಲಿ 70 ಸೆಂ.ಮೀ.ಗೆ ಅಂಗಿ ಬಂತೆಂದರೆ ಅವನು 26 ಸೈಜಿನ ಸಣಕಲ ಹುಡುಗನೇ ಇರಬೇಕು. ಐದನೇ ವರ್ಗ ಅಂದರೆ ಮಕ್ಕಳು ಒಮ್ಮೆಲೇ ಬೆಳೆಯುವ ವಯಸ್ಸು. ಒಂದೇ ಬೆಂಚಿನ ಮೇಲೆ ಒಬ್ಬ 26, ಪಕ್ಕದವ 32 ಇರುತ್ತಾನೆ.

ಮೊದಲು ಶಾಲೆಗೆ ಹೋಗಿ ಎಲ್ಲ ಮಕ್ಕಳ ಎದೆ, ಉದ್ದ, ಸೊಂಟ ಅಳೆದು ಬಾ. ಅರ್ಧ ದಿನದ ಕೆಲಸ. ಬಂದು ಸೈಜಿನ ಪ್ರಕಾರ ಗುಂಪು ಮಾಡು. 26 ಸೈಜಿನವರು 9, 28ರವರು 17, 30ರವರು 10, 32ರವರು 4 ಮಂದಿ ಬಂದರು ಅಂದುಕೊಳ್ಳೋಣ. ಒಂದೊಂದು ಅಂಗಿಗೆ ಅದೇ ಪನ್ನದಲ್ಲಿ ಕ್ರಮವಾಗಿ 70, 75, 85, 95 ಸೆಂ.ಮೀ. ಹಿಡಿ. ಕೂಡಿಸಿದರೆ 31 ಮೀಟರ್ 35 ಸೆಂ.ಮೀ. ನಿನ್ನ ಚೀಟಿಯಲ್ಲಿದ್ದದ್ದು 28. ಅಂದರೆ ನಾಲ್ಕು ಅಂಗಿಯ ಬಟ್ಟೆ ಕತ್ತರಿಗೆ ಮೊದಲೇ ಕಡಿಮೆ.

ಅಂಗಡಿಯವನು 36 ಇಂಚು ಪನ್ನದ ಬಟ್ಟೆ ಕೊಟ್ಟರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ 28 ಸೈಜಿನ ಅಂಗಿಗೇ ಒಂದೂ ಕಾಲು ಮೀಟರ್ ಬೇಕು. ಮೀಟರಿನ ರೇಟು ಕೇಳುವ ಮುಂಚೆ ಪನ್ನಾ ಕೇಳು. ರೇಟು ಅಗ್ಗ ಕಂಡು ಪನ್ನಾ ನೋಡದೆ ತಂದವರನ್ನು ಬಹಳ ಕಂಡಿದ್ದೇನೆ.

31.35ಕ್ಕೆ ತಂದರೂ ಸಾಲದು. ಥಾನಿನ ತುದಿ, ಕಟಿಂಗ್‌ನಲ್ಲಿ ಕೆಡುವುದು, ನೀರಿಗೆ ಕುಗ್ಗುವುದು ಎಲ್ಲ ಸೇರಿ 33 ಮೀಟರ್ ಹಿಡಿ. ಕುಗ್ಗುವುದನ್ನು ನೀನೇ ಪರೀಕ್ಷೆ ಮಾಡಬಹುದು. ಒಂದು ತುಂಡಿನ ಮೇಲೆ ಸರಿಯಾಗಿ 50 ಸೆಂ.ಮೀ.ಗೆ ಗುರುತು ಹಾಕಿ ರಾತ್ರಿ ನೆನೆಸು, ಬೆಳಿಗ್ಗೆ ಒಣಗಿಸಿ ಇಸ್ತ್ರಿ ಮಾಡಿ ಅಳೆ. 49 ಆದರೆ ನೂರಕ್ಕೆ ಎರಡು ಕುಗ್ಗಿತು. 22 ಇಂಚಿನ ಅಂಗಿ ಆಗ ಹೆಚ್ಚುಕಡಿಮೆ ಅರ್ಧ ಇಂಚು ಮೋಟಾಗುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಅಷ್ಟು ಕುಗ್ಗುವುದಿಲ್ಲ. ಶುದ್ಧ ಹತ್ತಿಯಾದರೆ ಇದಕ್ಕಿಂತ ಜಾಸ್ತಿಯೂ ಹೋಗುತ್ತದೆ, ಆಗ ಕತ್ತರಿಸುವ ಮೊದಲೇ ನೆನೆಸಿ ತೆಗೆ.

ಇನ್ನೂ 2 ಮೀಟರ್ ಅದೇ ಥಾನಿನಿಂದ ತಂದು ಎತ್ತಿಡು. ಜೂನ್, ಜುಲೈನಲ್ಲಿ ಒಂದಿಬ್ಬರು ಹೊಸ ಮಕ್ಕಳು ಸೇರಿಯೇ ಸೇರುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಕಲಿಯುವಾಗ ಇಂಥದೇ ಆರ್ಡರಿಗೆ ಮೂರು ಅಂಗಿಯ ಬಟ್ಟೆ ಸಾಲದೆ, ಓಡಿಹೋಗಿ ದುರ್ಗದಬೈಲಿನಲ್ಲಿ ಅದೇ ಬಿಳಿ ಅಂತ ಬೇರೆ ಥಾನಿನಿಂದ ತಂದಿದ್ದೆ. ಅಂಗಡಿಯ ದೀಪದಡಿ ಎರಡೂ ಒಂದೇ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಾಗ ಮೂವರ ಅಂಗಿಯಲ್ಲಿ ನೀಲಿ ಛಾಯೆ ಎದ್ದು ಕಾಣುತ್ತಿತ್ತು. ಮೂರನ್ನೂ ಬಿಚ್ಚಿ ಹೊಲಿದೆವು, ಆ ಕೂಲಿ ನನ್ನ ಪಗಾರದಿಂದ ಹೋಯಿತು.

ಹೀಗೆ 35 ಮೀಟರ್, 120ರಂತೆ 4,200 ರೂಪಾಯಿ, ಅಂಗಿಗೆ 105. ಕಾಲರಿನ ಕ್ಯಾನ್ವಾಸ್, ಗುಂಡಿ, ದಾರಕ್ಕೆ 12, ಕಾಜಾ ಮತ್ತು ಓವರ್‌ಲಾಕ್‌ಗೆ 10, ನೀನು ಬರೆದ ಕೂಲಿ 100, ಕಟಿಂಗ್, ಇಸ್ತ್ರಿ, ಕರೆಂಟಿಗೆ 18. ಕೊಟ್ಟ ಮೇಲೆ ಭುಜ ಬಿಗಿ, ಉದ್ದ ಜಾಸ್ತಿ ಅಂತ ಎರಡು ಮೂರು ಅಂಗಿ ತಿರುಗಿ ಬರುತ್ತವೆ, ಅದಕ್ಕೆ 5. ಒಟ್ಟು ಅಂಗಿಗೆ 250 ಬೀಳುತ್ತದೆ, ಲಾಭ ಸೇರಿ 280. ನಿನ್ನ 215ಕ್ಕೆ ಒಪ್ಪಿಕೊಂಡಿದ್ದರೆ ಅಂಗಿಗೆ 35ರಂತೆ 1,400 ರೂಪಾಯಿ ಕೈಯಿಂದ ಹೋಗುತ್ತಿತ್ತು. ಮಾಸ್ತರು ಬೈಯದೆ ನಕ್ಕಿದ್ದು ಅವರ ದೊಡ್ಡಗುಣ. ಈ ದರಗಳೆಲ್ಲ ಲೆಕ್ಕ ತೋರಿಸಲಿಕ್ಕೆ ಮಾತ್ರ. ಗದಗಿನಲ್ಲಿ ಕಾಜಾ ಹಾಕುವವನು ಏನು ಕೇಳುತ್ತಾನೋ ಅದನ್ನೇ ಬರೆ.

ಸೈಜಿಗೊಂದು ಬೆಲೆ ಹೇಳಲು ಹೋಗಬೇಡ. ಶಾಲೆಯವರಿಗೆ ಒಂದೇ ಬೆಲೆ ಬೇಕು, ಪಾಲಕರೂ ಜಗಳ ತೆಗೆಯುತ್ತಾರೆ. ಬಟ್ಟೆಯನ್ನು ಸೈಜಿನ ಪ್ರಕಾರವೇ ಕೂಡಿಸಿ 40ರಿಂದ ಭಾಗಿಸಿದ್ದರಿಂದ ದೊಡ್ಡವರ ಹೊರೆ ಅದರೊಳಗೇ ಬಂದಿದೆ.

ಚಡ್ಡಿಯ ಬಟ್ಟೆಯನ್ನೂ ಹೀಗೇ ಸೊಂಟದ ಸೈಜಿನ ಪ್ರಕಾರ ಹಾಕು. ಹುಕ್ಕು, ಜಿಪ್, ಜೇಬಿನ ಒಳಬಟ್ಟೆ ಮರೆಯಬೇಡ. ಹಿಂದಿನ ಹೊಲಿಗೆಯಲ್ಲಿ ಬಿಚ್ಚಿ ದೊಡ್ಡದು ಮಾಡಲು ಒಂದಿಂಚು ಬಿಡು.

ಬಟ್ಟೆ ಉಳಿಯುವುದು ಲಂಗದಲ್ಲಿ. ಒತ್ತು ನೆರಿಗೆ ಸೊಂಟದ ಮೂರು ಪಟ್ಟು ಬಟ್ಟೆ ತಿನ್ನುತ್ತದೆ, ಯಾಕೆಂದರೆ ಮೇಲೆ ಕಾಣುವ ಒಂದಿಂಚಿಗೆ ಒಳಗೆ ಎರಡಿಂಚು ಮಡಚಿರುತ್ತದೆ. 24 ಇಂಚಿನ ಸೊಂಟಕ್ಕೆ 72 ಇಂಚು ಸುತ್ತು ಬೇಕು. 58ರ ಪನ್ನಾ ಒಂದು ಸಾಲದು, ಎಲ್ಲರೂ ಎರಡು ಪನ್ನಾ ಜೋಡಿಸುತ್ತಾರೆ. ಮಡಿಕೆ ಸೇರಿ 22 ಇಂಚು ಉದ್ದ ಇಟ್ಟರೆ 18 ಲಂಗಕ್ಕೆ 36 ತುಂಡು, ಸುಮಾರು 20 ಮೀಟರ್. ಒಂದೊಂದು ಲಂಗದಲ್ಲೂ 40 ಇಂಚಿನಷ್ಟು ವ್ಯರ್ಥ.

ಅದರ ಬದಲು ಒಂದೇ ಉದ್ದದ ಇಬ್ಬರು ಹುಡುಗಿಯರನ್ನು ಜೋಡಿ ಮಾಡು. ಮೂರು ತುಂಡು ಸಾಲಾಗಿ ಜೋಡಿಸಿ ಸರಿಯಾಗಿ ನಡುವೆ ಕತ್ತರಿಸು. ಹೊಲಿಗೆಗೆ ಕಳೆದರೂ ಒಬ್ಬಳಿಗೆ 84 ಇಂಚು ಸಿಗುತ್ತದೆ, 27 ಇಂಚಿನ ಸೊಂಟದವರೆಗೂ ಸಾಕು. 27 ತುಂಡಿನಲ್ಲಿ, ಅಂದರೆ ಸುಮಾರು 15 ಮೀಟರಿನಲ್ಲಿ 18 ಲಂಗವೂ ಆಗುತ್ತವೆ, 5 ಮೀಟರ್ ಉಳಿಯುತ್ತದೆ. ಜೋಡಿಸಿದ ಗೆರೆ ಮಾತ್ರ ನೆರಿಗೆಯ ಒಳಮಡಿಕೆಯಲ್ಲೇ ಬೀಳುವಂತೆ ಮೊದಲೇ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೋ. ಮೇಲೆ ಬಂದರೆ ಶಾಲೆಯವರು ತುಂಡು ಬಟ್ಟೆ ಹಚ್ಚಿದ್ದಾನೆ ಅನ್ನುತ್ತಾರೆ. ಸೊಂಟದ ಪಟ್ಟಿಗೆ ಬೇರೆ ಒಂದು ಮೀಟರ್ ತಂದರಾಯಿತು. ಬಟ್ಟೆ ಚೌಕಳಿಯದಾದರೆ ಗೆರೆಗೆ ಗೆರೆ ಕೂಡಿಸಬೇಕು, ಆಗ ಇಷ್ಟು ಉಳಿತಾಯ ಸಿಗುವುದಿಲ್ಲ.

ಹೊಸ ಚೀಟಿ ಕೊಡುವಾಗ ಬಟ್ಟೆಯ ಪೂರ್ತಿ ದುಡ್ಡು ಮುಂಗಡ ಅಂತ ಕೆಳಗೆ ಬರೆ. ಮಕ್ಕಳ ಸೈಜಿನ ಪಟ್ಟಿಯ ಮೇಲೆ ಶಾಲೆಯವರ ಸಹಿಯನ್ನೂ ತಗೊ. ಮುಂದಿನ ತಿಂಗಳು ಅಂಗಿ ಸಣ್ಣದಾಯಿತೆಂದು ಯಾರಾದರೂ ಬಂದರೆ, ಅಳತೆ ತಪ್ಪಿತ್ತೋ ಹುಡುಗ ಬೆಳೆದನೋ ಎಂದು ಆ ಪಟ್ಟಿ ತೆಗೆದು ನೋಡಬಹುದು.